ಎರಡು ಕಾಲುಗಳ ನಡುವೆ ಇಲ್ಲದ ತಂತಿ

ದ್ವಿತೀಯ ಪಿಯುಸಿ ಎಲೆಕ್ಟ್ರಾನಿಕ್ಸ್ ತರಗತಿಗೆ ಪಾಠಾಭ್ಯಾಸಕ್ಕೆ ಬರುವ ಪ್ರಶಿಕ್ಷಣಾರ್ಥಿಗಳಲ್ಲಿ ಹಲವರು ಆಪ್-ಆಂಪ್ ಘಟಕವನ್ನು ಆರಿಸಿಕೊಳ್ಳುತ್ತಾರೆ. ಅವರ ಪಾಠ ಯೋಜನೆಗಳು ಬಹುಮಟ್ಟಿಗೆ ಒಂದೇ ಅಚ್ಚಿನವು. ಮೊದಲ ಐದು ನಿಮಿಷದಲ್ಲಿ ಆದರ್ಶ ಆಪ್-ಆಂಪ್‌ನ ಗುಣಲಕ್ಷಣಗಳ ಪಟ್ಟಿ ಕರಿಹಲಗೆಗೆ ಬರುತ್ತದೆ: ಗೇನ್ ಅನಂತ, ಇನ್‌ಪುಟ್ ರೋಧ ಅನಂತ, ಔಟ್‌ಪುಟ್ ರೋಧ ಸೊನ್ನೆ. ಆ ಪಟ್ಟಿಯ ಕೊನೆಗೆ, ಅದೂ ಒಂದು ಗುಣಲಕ್ಷಣವೋ ಎಂಬಂತೆ, ‘ಎರಡು ಇನ್‌ಪುಟ್‌ಗಳ ನಡುವೆ ವರ್ಚುವಲ್ ಶಾರ್ಟ್ ಇರುತ್ತದೆ’ ಎಂಬ ಸಾಲು ಸೇರಿಕೊಳ್ಳುತ್ತದೆ. ಮುಂದಿನ ಅರ್ಧ ಗಂಟೆ ಸೂತ್ರ ಸಾಧಿಸುವುದರಲ್ಲಿ, ಎರಡು ಲೆಕ್ಕ ಬಿಡಿಸುವುದರಲ್ಲಿ ಮುಗಿಯುತ್ತದೆ.

ಹಿಂದಿನ ಬೆಂಚಿನಲ್ಲಿ ಕೂತು ಇಂಥ ಪಾಠಗಳನ್ನು ಹಲವು ವರ್ಷ ಅವಲೋಕಿಸಿದ್ದೇನೆ. ನನಗೆ ತೊಡಕಾಗಿ ಕಾಣುವುದು ಆ ಕೊನೆಯ ಸಾಲು ಇರುವ ಜಾಗ. ವರ್ಚುವಲ್ ಶಾರ್ಟ್ ಎಂಬುದು ಆಪ್-ಆಂಪ್‌ನ ಒಳಗೆ ಇರುವ ಗುಣವಲ್ಲ. ಔಟ್‌ಪುಟ್‌ನಿಂದ ಇನ್ವರ್ಟಿಂಗ್ ಕಾಲಿಗೆ ನಾವು ಹೊರಗಡೆ ಒಂದು ದಾರಿ ಕಟ್ಟಿಕೊಟ್ಟಾಗ ಆಪ್-ಆಂಪ್ ದುಡಿದು ತರುವ ಫಲ ಅದು. ಗುಣವೆಂದು ಕಲಿತ ವಿದ್ಯಾರ್ಥಿ ಅದನ್ನು ಎಲ್ಲ ಸರ್ಕ್ಯೂಟಿಗೂ ಹಚ್ಚುತ್ತಾನೆ. ಫಲವೆಂದು ಕಲಿತವನು ಮೊದಲು ದಾರಿ ಇದೆಯೇ ಎಂದು ನೋಡುತ್ತಾನೆ. ಪರೀಕ್ಷೆಯ ಲೆಕ್ಕದಲ್ಲಿ ಈ ವ್ಯತ್ಯಾಸ ಕಾಣದೆ ಹೋಗಬಹುದು. ಪ್ರಯೋಗಾಲಯದ ಮೇಜಿನ ಮೇಲೆ ಕಾಣದೆ ಹೋಗುವುದಿಲ್ಲ.

ಒಂದು ವರ್ಷ ಈ ಮಾತು ಒಬ್ಬ ಹುಡುಗನ ಪ್ರಶ್ನೆಯಿಂದ ಬಹಳ ಸ್ಪಷ್ಟವಾಗಿ ಹೊರಬಂತು. ಅಂದು ಪಾಠ ಮಾಡುತ್ತಿದ್ದ ಪ್ರಶಿಕ್ಷಣಾರ್ಥಿ ಭೌತಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ವಿಷಯ ಗಟ್ಟಿಯಾಗಿತ್ತು, ಕೈಬರಹ ಅಚ್ಚುಕಟ್ಟಾಗಿತ್ತು. ‘ವರ್ಚುವಲ್’ ಎಂಬ ಪದ ಬಂದಾಗ ಅವರು ಬೆಳಕಿನ ಪಾಠವನ್ನು ನೆನಪಿಸಿದರು: ದರ್ಪಣದಲ್ಲಿ ಮಿಥ್ಯಾ ಬಿಂಬ ಇದ್ದಂತೆ ಇದು ಮಿಥ್ಯಾ ಶಾರ್ಟ್. ಪೂರ್ವಜ್ಞಾನಕ್ಕೆ ಜೋಡಿಸುವ ಒಳ್ಳೆಯ ಪ್ರಯತ್ನವೇ. ಆದರೆ ಎಡಬದಿಯ ಮೂರನೇ ಸಾಲಿನ ಹುಡುಗ ಎದ್ದು ನಿಂತ.

“ಮೇಡಂ, ಎರಡೂ ಕಾಲು ಶಾರ್ಟ್ ಆದಂಗೇ ಇರ್ತವೆ ಅಂದ್ರೆ, ಅಲ್ಲೊಂದು ವೈರ್ ಹಾಕಿಬಿಟ್ರೆ ಏನೂ ವ್ಯತ್ಯಾಸ ಆಗಬಾರದಲ್ವಾ?”

ತರಗತಿ ನಕ್ಕಿತು. ಅವರು ನಗಲಿಲ್ಲ. “ಹಾಗೆ ಹಾಕೋ ಹಾಗಿಲ್ಲಪ್ಪ, ಇದು ಬರೀ ಕಲ್ಪನೆ, ಲೆಕ್ಕಕ್ಕೋಸ್ಕರ,” ಎಂದು ಹೇಳಿ ಮುಂದುವರಿದರು. ಹುಡುಗ ಕೂತ. ಪೆನ್ನು ಕೆಳಗಿಟ್ಟವನು ಗಂಟೆ ಹೊಡೆಯುವವರೆಗೂ ಮತ್ತೆ ಎತ್ತಿಕೊಳ್ಳಲಿಲ್ಲ.

ಪಾಠದ ನಂತರದ ಚರ್ಚೆಯಲ್ಲಿ ನಾವಿಬ್ಬರೂ ಆ ಪ್ರಶ್ನೆಯೊಂದನ್ನೇ ಹಿಡಿದು ಕೂತೆವು. “ಸರ್, ಅವನಿಗೆ ಏನು ಹೇಳಬೇಕಿತ್ತು?” ಎಂದು ಅವರು ಕೇಳಿದರು. ಹೇಳುವುದಕ್ಕಿಂತ ಅಳೆದು ನೋಡೋಣ ಎಂದು ಮಧ್ಯಾಹ್ನ ಪ್ರಯೋಗಾಲಯ ತೆರೆಸಿದೆ. ಬ್ರೆಡ್‌ಬೋರ್ಡ್, ಒಂದು 741, ಎರಡು ರೆಸಿಸ್ಟರ್, ಧನ ಮತ್ತು ಋಣ 12 ವೋಲ್ಟ್ ಪೂರೈಕೆ, ಒಂದು ಮಲ್ಟಿಮೀಟರ್. 1968ರಲ್ಲಿ ಫೇರ್‌ಚೈಲ್ಡ್ ಕಂಪನಿಯಲ್ಲಿ ಡೇವ್ ಫುಲಗರ್ ರೂಪಿಸಿದ ಈ ಐಸಿ ಇಂದಿಗೂ ನಮ್ಮ ಪ್ರಯೋಗಾಲಯಗಳಲ್ಲಿದೆ. ಅದರ 2ನೇ ಕಾಲು ಇನ್ವರ್ಟಿಂಗ್, 3ನೇ ಕಾಲು ನಾನ್-ಇನ್ವರ್ಟಿಂಗ್, 6ನೇ ಕಾಲು ಔಟ್‌ಪುಟ್. ಅಂದು ಮಾಡಿದ ಮಾಪನಗಳನ್ನೂ ಅವುಗಳ ಹಿಂದಿನ ಲೆಕ್ಕವನ್ನೂ ಇಲ್ಲಿ ಕ್ರಮವಾಗಿ ಬರೆಯುತ್ತೇನೆ. ಅದೇ ಕ್ರಮದಲ್ಲಿ ಪಾಠವನ್ನೂ ಕಟ್ಟಬಹುದು.

ಮೊದಲು ಎರಡು ನಿಯಮಗಳು. ಒಂದನೆಯದು: ಇನ್‌ಪುಟ್ ಕಾಲುಗಳೊಳಗೆ ವಿದ್ಯುತ್ ಪ್ರವಾಹ ಹೋಗುವುದಿಲ್ಲ. ಎರಡನೆಯದು: ನೆಗೆಟಿವ್ ಫೀಡ್‌ಬ್ಯಾಕ್ ಇದ್ದು, ಔಟ್‌ಪುಟ್ ತನ್ನ ಮಿತಿಯೊಳಗಿದ್ದರೆ, ಎರಡು ಇನ್‌ಪುಟ್ ಕಾಲುಗಳ ವೋಲ್ಟೇಜ್ ಸಮವಾಗಿರುತ್ತದೆ. ಮೊದಲ ನಿಯಮಕ್ಕೆ ಯಾವ ಷರತ್ತೂ ಇಲ್ಲ. ಅದು ನಿಜಕ್ಕೂ ಸಾಧನದ ಗುಣ. 741ರ ಇನ್‌ಪುಟ್ ಕಾಲಿಗೆ ಹೋಗುವ ಪ್ರವಾಹ ಸಾಮಾನ್ಯವಾಗಿ 80 ನ್ಯಾನೋ ಆಂಪಿಯರ್‌ನ ಸುಮಾರಿನದು. ನಮ್ಮ ಸರ್ಕ್ಯೂಟಿನಲ್ಲಿ ಹರಿಯುವುದು 0.25 ಮಿಲಿ ಆಂಪಿಯರ್, ಅಂದರೆ ಅದರ ಮೂರು ಸಾವಿರ ಪಟ್ಟು. ಸೊನ್ನೆ ಎಂದುಕೊಂಡರೆ ಲೆಕ್ಕ ಕೆಡುವುದಿಲ್ಲ. ಎರಡನೆಯ ನಿಯಮಕ್ಕೆ ಮಾತ್ರ ಎರಡು ಷರತ್ತುಗಳಿವೆ. ಕರಿಹಲಗೆಯ ಮೇಲೆ ನಿಯಮ ಬರೆಯುವಾಗ ಷರತ್ತುಗಳನ್ನೂ ಅದೇ ವಾಕ್ಯದಲ್ಲಿ ಬರೆಯಬೇಕು, ಕೊನೆಗೆ ‘ಸೂಚನೆ’ ಎಂದಲ್ಲ.

ಈಗ ಇನ್ವರ್ಟಿಂಗ್ ವರ್ಧಕ. 3ನೇ ಕಾಲು ಗ್ರೌಂಡಿಗೆ. ಇನ್‌ಪುಟ್‌ನಿಂದ 2ನೇ ಕಾಲಿಗೆ 2 ಕಿಲೋ ಓಮ್, 2ನೇ ಕಾಲಿನಿಂದ ಔಟ್‌ಪುಟ್‌ಗೆ 10 ಕಿಲೋ ಓಮ್. ಇನ್‌ಪುಟ್ 0.5 ವೋಲ್ಟ್. ನಿಯಮಗಳನ್ನು ಹಚ್ಚುವ ಮೊದಲು ಅವನ್ನು ಮರೆತು, ಎರಡು ರೆಸಿಸ್ಟರ್‌ಗಳನ್ನಷ್ಟೇ ನೋಡೋಣ. ಅವು ಸರಣಿಯಲ್ಲಿವೆ, ಒಂದು ತುದಿ 0.5 ವೋಲ್ಟಿನಲ್ಲಿ, ಇನ್ನೊಂದು ತುದಿ ಔಟ್‌ಪುಟ್‌ನಲ್ಲಿ, ನಡುವಿನ ಬಿಂದುವೇ 2ನೇ ಕಾಲು. ಒಟ್ಟು 12 ಕಿಲೋ ಓಮ್‌ನಲ್ಲಿ ಮೊದಲಿನದು 2 ಕಿಲೋ ಓಮ್. ಆದ್ದರಿಂದ ಎರಡು ತುದಿಗಳ ನಡುವಿನ ವೋಲ್ಟೇಜಿನ ಆರನೇ ಒಂದು ಭಾಗ ಅದರಲ್ಲಿ ಕಳೆಯುತ್ತದೆ. ಹತ್ತನೆಯ ತರಗತಿಯ ಸರಣಿ ಜೋಡಣೆಯೇ ಇದು. ಆಪ್-ಆಂಪ್ ಇನ್ನೂ ಬಂದಿಲ್ಲ.

ಇನ್‌ಪುಟ್ ಕೊಟ್ಟ ಕ್ಷಣದಲ್ಲಿ ಔಟ್‌ಪುಟ್ 0 ವೋಲ್ಟಿನಲ್ಲಿದೆ ಎಂದುಕೊಳ್ಳಿ. ಆಗ 2ನೇ ಕಾಲಿನಲ್ಲಿ ಎಷ್ಟಿರುತ್ತದೆ? ಔಟ್‌ಪುಟ್ −1 ಆದರೆ? −2 ಆದರೆ? ಪ್ರಶಿಕ್ಷಣಾರ್ಥಿಯೇ ಹಾಳೆಯ ಮೇಲೆ ಬರೆದರು:

```
Vout =  0.0 V   →   V₋ = +0.417 V
Vout = −1.0 V   →   V₋ = +0.250 V
Vout = −2.0 V   →   V₋ = +0.083 V
Vout = −2.5 V   →   V₋ =  0.000 V
Vout = −3.0 V   →   V₋ = −0.083 V
```

ಈಗ ಆಪ್-ಆಂಪ್ ಅನ್ನು ಒಳಗೆ ಬಿಡೋಣ. ಅದರ ಕೆಲಸ ಒಂದೇ: 3ನೇ ಕಾಲು 2ನೆಯದಕ್ಕಿಂತ ಮೇಲಿದ್ದರೆ ಔಟ್‌ಪುಟ್ ಅನ್ನು ಮೇಲಕ್ಕೆ ಒಯ್ಯುವುದು, ಕೆಳಗಿದ್ದರೆ ಕೆಳಕ್ಕೆ ಒಯ್ಯುವುದು. 3ನೇ ಕಾಲು ಸೊನ್ನೆಯಲ್ಲಿದೆ. ಮೊದಲ ಸಾಲಿನಲ್ಲಿ 2ನೇ ಕಾಲು ಮೇಲಿದೆ, ಆದ್ದರಿಂದ ಔಟ್‌ಪುಟ್ ಕೆಳಗಿಳಿಯುತ್ತದೆ. ಎರಡನೆಯ, ಮೂರನೆಯ ಸಾಲಿನಲ್ಲೂ ಇನ್ನೂ ಮೇಲಿದೆ, ಇನ್ನೂ ಇಳಿಯುತ್ತದೆ. ಇಳಿಯುತ್ತ −3ಕ್ಕೆ ಹೋಗಿಬಿಟ್ಟರೆ 2ನೇ ಕಾಲು ಸೊನ್ನೆಗಿಂತ ಕೆಳಗಾಗಿ, ಔಟ್‌ಪುಟ್ ಮೇಲಕ್ಕೆ ತಿರುಗುತ್ತದೆ. ನಿಲ್ಲಲು ಸಾಧ್ಯವಿರುವ ಜಾಗ ಒಂದೇ, −2.5 ವೋಲ್ಟ್. ಅಲ್ಲಿ ಮಾತ್ರ ಎರಡು ಕಾಲುಗಳೂ ಸಮ. 741ರ ಔಟ್‌ಪುಟ್ ಒಂದು ಮೈಕ್ರೋ ಸೆಕೆಂಡಿಗೆ ಸುಮಾರು ಅರ್ಧ ವೋಲ್ಟ್ ಮಾತ್ರ ಬದಲಾಗಬಲ್ಲದು. ಹಾಗಾಗಿ ಈ ಇಳಿಕೆಗೆ ಸುಮಾರು 5 ಮೈಕ್ರೋ ಸೆಕೆಂಡ್ ಹಿಡಿಯುತ್ತದೆ. ಆ ಐದು ಮೈಕ್ರೋ ಸೆಕೆಂಡಿನಲ್ಲಿ ವರ್ಚುವಲ್ ಶಾರ್ಟ್ ಇರುವುದಿಲ್ಲ. ಮೊದಲು ಹುಡುಕಾಟ, ಆಮೇಲೆ ಸಮತೆ.

ತರಗತಿಯಲ್ಲಿ ಇದನ್ನು ಹೇಳಲು ನನಗೆ ಒಗ್ಗಿದ ಹೋಲಿಕೆ ಸಂತೆಯ ತಕ್ಕಡಿ. ಒಂದು ತಟ್ಟೆಯಲ್ಲಿ ಬೊಟ್ಟು ಇಟ್ಟ ಅಂಗಡಿಯವನು ಇನ್ನೊಂದಕ್ಕೆ ಬೇಳೆ ಸುರಿಯುತ್ತಾನೆ, ಮುಳ್ಳು ನೋಡುತ್ತಾನೆ, ಹೆಚ್ಚಾಯಿತೆಂದರೆ ಒಂದು ಹಿಡಿ ತೆಗೆಯುತ್ತಾನೆ. ಕೊನೆಗೆ ತಟ್ಟೆಗಳು ಸಮನಾಗಿ ನಿಲ್ಲುತ್ತವೆ. ಸಮತೆ ತಕ್ಕಡಿಯ ಗುಣವಲ್ಲ. ಮುಳ್ಳು ನೋಡುತ್ತ ಸುರಿಯುವ ಕೈಯ ಕೆಲಸ. ಆಪ್-ಆಂಪ್ ಆ ಅಂಗಡಿಯವನು, ಔಟ್‌ಪುಟ್ ಅವನ ಬೇಳೆ, ಎರಡು ಇನ್‌ಪುಟ್‌ಗಳ ವ್ಯತ್ಯಾಸ ಆ ಮುಳ್ಳು.

ಸಮತೆ ಎಲ್ಲಿಂದ ಬಂತೆಂದು ತಿಳಿದ ಮೇಲೆ ನಿಯಮಗಳಿಂದ ಲೆಕ್ಕ ಬಿಡಿಸುವುದು ಮೂರು ಹೆಜ್ಜೆಯ ಕೆಲಸ. ಎರಡನೆಯ ನಿಯಮದಿಂದ 2ನೇ ಕಾಲು 3ನೆಯದರಂತೆ 0 ವೋಲ್ಟ್. ಹಾಗಿದ್ದರೆ 2 ಕಿಲೋ ಓಮ್‌ನ ಮೇಲೆ ಪೂರ್ತಿ 0.5 ವೋಲ್ಟ್ ಇದೆ, ಪ್ರವಾಹ 0.25 ಮಿಲಿ ಆಂಪಿಯರ್. ಮೊದಲ ನಿಯಮದಿಂದ ಈ ಪ್ರವಾಹಕ್ಕೆ 2ನೇ ಕಾಲಿನೊಳಗೆ ಹೋಗಲು ದಾರಿಯಿಲ್ಲ, ಅಷ್ಟೂ 10 ಕಿಲೋ ಓಮ್‌ನಲ್ಲೇ ಹರಿಯಬೇಕು. ಅಲ್ಲಿ ಅದು 2.5 ವೋಲ್ಟ್ ಕಳೆಯುತ್ತದೆ. ಸೊನ್ನೆಯಿಂದ ಹೊರಟು 2.5 ಇಳಿದರೆ ಔಟ್‌ಪುಟ್ −2.5 ವೋಲ್ಟ್.

```
I    = Vin / R1 = 0.5 V / 2 kΩ = 0.25 mA
Vout = 0 − I × Rf = −0.25 mA × 10 kΩ = −2.5 V
Vout / Vin = −Rf / R1 = −5
```

ಋಣ ಚಿಹ್ನೆ ಎಲ್ಲಿಂದ ಬಂತು ಎಂದು ಯಾರೂ ಬಾಯಿಪಾಠ ಮಾಡಬೇಕಾಗಿಲ್ಲ. ಪ್ರವಾಹ ಸೊನ್ನೆ ವೋಲ್ಟಿನ ಬಿಂದುವಿನಿಂದ ಔಟ್‌ಪುಟ್ ಕಡೆಗೆ ಹರಿಯುತ್ತಿದೆ. ಪ್ರವಾಹ ಹರಿಯುವುದು ಇಳಿಜಾರಿನತ್ತ. ಹಾಗಾಗಿ ಔಟ್‌ಪುಟ್ ಸೊನ್ನೆಗಿಂತ ಕೆಳಗಿರಲೇಬೇಕು.

ಬ್ರೆಡ್‌ಬೋರ್ಡಿನ ಮೇಲೆ ಔಟ್‌ಪುಟ್ ನಿರೀಕ್ಷೆಯಂತೆ −2.5ರ ಹತ್ತಿರ ಬಂತು. 2ನೇ ಕಾಲಿನಲ್ಲಿ ಮೀಟರ್ ಸುಮಾರು ಒಂದು ಮಿಲಿವೋಲ್ಟ್ ತೋರಿಸಿತು. “ಸೊನ್ನೆ ಬರಲಿಲ್ಲವಲ್ಲ ಸರ್?” ಎಂದರು ಪ್ರಶಿಕ್ಷಣಾರ್ಥಿ. ಬರಬಾರದು ಕೂಡ. 741ರ ಸ್ವಂತ ಗೇನ್ ಸುಮಾರು 2 ಲಕ್ಷ, −2.5 ವೋಲ್ಟ್ ಔಟ್‌ಪುಟ್ ಹಿಡಿದಿಡಲು ಅದಕ್ಕೆ 2.5 ಭಾಗಿಸು 2 ಲಕ್ಷ, ಅಂದರೆ 12.5 ಮೈಕ್ರೋವೋಲ್ಟ್ ವ್ಯತ್ಯಾಸ ಬೇಕೇ ಬೇಕು. ಮುಳ್ಳು ಕೂದಲೆಳೆಯಷ್ಟು ವಾಲಿರದಿದ್ದರೆ ಅಂಗಡಿಯವನ ಕೈ ಸುರಿದದ್ದನ್ನು ಹಿಡಿದು ನಿಲ್ಲಿಸುವುದಿಲ್ಲ. ಮೀಟರ್ ತೋರಿಸಿದ ಒಂದು ಮಿಲಿವೋಲ್ಟ್ ಇದಕ್ಕಿಂತ ದೊಡ್ಡದು, ಏಕೆಂದರೆ ಅದರಲ್ಲಿ ಆಫ್‌ಸೆಟ್ ಸೇರಿದೆ. ಐಸಿಯೊಳಗಿನ ಎರಡು ಇನ್‌ಪುಟ್ ಟ್ರಾನ್ಸಿಸ್ಟರ್‌ಗಳು ತದ್ರೂಪಿಗಳಲ್ಲವಾದ್ದರಿಂದ ಅದರ ಪಾಲಿಗೆ ‘ಸಮ’ ಎಂಬುದು ಒಂದೆರಡು ಮಿಲಿವೋಲ್ಟ್ ಆಚೀಚೆ ಇರುತ್ತದೆ. ಮುಳ್ಳೇ ತುಸು ಬಾಗಿದ ತಕ್ಕಡಿ ಎನ್ನಬಹುದು. ಆದರ್ಶ ಆಪ್-ಆಂಪ್‌ನಲ್ಲಿ ಗೇನ್ ಅನಂತ, ಆಫ್‌ಸೆಟ್ ಇಲ್ಲ, ಆದ್ದರಿಂದ ವ್ಯತ್ಯಾಸ ಸೊನ್ನೆ.

ಇಲ್ಲಿಗೆ ‘ಮಿಥ್ಯಾ’ ಪದದ ಮಾತಿಗೂ ಉತ್ತರ ಸಿಕ್ಕಿತು. ವೋಲ್ಟೇಜುಗಳ ಸಮತೆ ಮಿಥ್ಯೆಯಲ್ಲ, ಮೀಟರಿನಲ್ಲಿ ಓದಬಹುದಾದ ನಿಜ. ಇಲ್ಲದಿರುವುದು ತಂತಿ ಮಾತ್ರ. ಒಂದು ಕಾಲಿನಿಂದ ಇನ್ನೊಂದಕ್ಕೆ ಪ್ರವಾಹ ಹರಿಯುವ ದಾರಿ ಇಲ್ಲ. ನಿಜವಾದ ಶಾರ್ಟ್‌ನಲ್ಲಿ ವೋಲ್ಟೇಜ್ ಸಮ, ಪ್ರವಾಹ ಎಷ್ಟಾದರೂ ಹರಿಯಬಹುದು. ವರ್ಚುವಲ್ ಶಾರ್ಟ್‌ನಲ್ಲಿ ವೋಲ್ಟೇಜ್ ಸಮ, ಪ್ರವಾಹ ಸೊನ್ನೆ. ಎರಡು ನಿಯಮಗಳನ್ನು ಒಟ್ಟಿಗೆ ಹೇಳಿದರೆ ಆಗುವುದು ಇದೇ ವಾಕ್ಯ.

ಈಗ ಹುಡುಗನ ತಂತಿ. 2 ಮತ್ತು 3ನೇ ಕಾಲುಗಳ ನಡುವೆ ಒಂದು ತುಂಡು ತಂತಿ ಚುಚ್ಚಿದೆವು. ಔಟ್‌ಪುಟ್ ನೇರ ಹೋಗಿ ಪೂರೈಕೆಯ ಅಂಚಿಗೆ, 10.5 ವೋಲ್ಟಿನ ಹತ್ತಿರ ನಿಂತಿತು. ಇನ್‌ಪುಟ್ ಬದಲಿಸಿದರೂ ಅದು ಅಲುಗಲಿಲ್ಲ. ಕಾರಣವನ್ನು ಹಾಳೆಯ ಪಟ್ಟಿಯೇ ಹೇಳುತ್ತದೆ. ತಂತಿ ಹಾಕಿದ ಮೇಲೆ 2ನೇ ಕಾಲು ಗ್ರೌಂಡಿಗೆ ಕಟ್ಟಿಹೋಯಿತು. ಔಟ್‌ಪುಟ್ ಎಲ್ಲಿಗೆ ಹೋದರೂ ಪಟ್ಟಿಯ ಬಲಗಡೆ ಸೊನ್ನೆಯೇ. ಔಟ್‌ಪುಟ್‌ನ ಸುದ್ದಿ ಇನ್‌ಪುಟ್‌ಗೆ ಮುಟ್ಟುವುದೇ ಇಲ್ಲ. ಉಳಿದದ್ದು ಆ ಒಂದೆರಡು ಮಿಲಿವೋಲ್ಟ್ ಆಫ್‌ಸೆಟ್. ಅದನ್ನು 2 ಲಕ್ಷದಿಂದ ಗುಣಿಸಿದರೆ ನೂರಾರು ವೋಲ್ಟ್, ಅಂದರೆ ಔಟ್‌ಪುಟ್ ಒಂದಲ್ಲ ಒಂದು ಅಂಚಿಗೆ ಹೋಗಿ ಕೂರಲೇಬೇಕು. ಇನ್‌ಪುಟ್‌ನಿಂದ ಬಂದ 0.25 ಮಿಲಿ ಆಂಪಿಯರ್ ಕೂಡ 10 ಕಿಲೋ ಓಮ್‌ನತ್ತ ಹೋಗದೆ ತಂತಿಯ ಮೂಲಕ ಗ್ರೌಂಡಿಗೆ ಇಳಿದುಹೋಗುತ್ತದೆ. ತಕ್ಕಡಿಯ ದಂಡವನ್ನು ಹಗ್ಗದಿಂದ ಬಿಗಿದು ಕಟ್ಟಿದಂತೆ: ತಟ್ಟೆಗಳು ಸಮವಾಗಿಯೇ ಇರುತ್ತವೆ, ತೂಕ ಮಾತ್ರ ಆಗುವುದಿಲ್ಲ.

ಪ್ರಶಿಕ್ಷಣಾರ್ಥಿ ಆ ತುಂಡು ತಂತಿಯನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡು ಹೇಳಿದರು: “ನಾಳೆ ಅವನನ್ನೇ ಕರೆದು ಇದನ್ನು ಹಾಕಿಸ್ತೀನಿ ಸರ್.” ಹಾಗೆಯೇ ಮಾಡಿದರು. ಮರುದಿನ ಹುಡುಗ ತಾನೇ ತಂತಿ ಚುಚ್ಚಿ, ಮೀಟರ್ ಓದಿ, ಕಿತ್ತು, ಮತ್ತೆ ಓದಿದ. ಅವರು ಏನೂ ವಿವರಿಸದೆ ಪಟ್ಟಿಯನ್ನು ಕರಿಹಲಗೆಯ ಮೇಲೆ ಬರೆದು, ತಂತಿ ಇದ್ದಾಗ ಬಲಗಡೆ ಏನು ಬರೆಯಬೇಕೆಂದು ತರಗತಿಯನ್ನು ಕೇಳಿದರು.

ಎರಡನೆಯ ಪಾಠ ನಾನ್-ಇನ್ವರ್ಟಿಂಗ್ ವರ್ಧಕ. ಇದಕ್ಕೆ ಬೇರೆ ಅಂಕಿಗಳು ಬೇಡ, ಅದೇ ರೆಸಿಸ್ಟರ್‌ಗಳು ಇರಲಿ ಎಂದು ಸೂಚಿಸಿದ್ದೆ. 2 ಕಿಲೋ ಓಮ್‌ನ ಹೊರತುದಿಯನ್ನು ಇನ್‌ಪುಟ್‌ನಿಂದ ಬಿಡಿಸಿ ಗ್ರೌಂಡಿಗೆ ಹಾಕುವುದು. 3ನೇ ಕಾಲನ್ನು ಗ್ರೌಂಡಿನಿಂದ ಬಿಡಿಸಿ ಅದಕ್ಕೆ 0.5 ವೋಲ್ಟ್ ಕೊಡುವುದು. ಸರ್ಕ್ಯೂಟಿನ ಮೈ ಅದೇ. ಸಿಗ್ನಲ್ ಮತ್ತು ಗ್ರೌಂಡ್ ಜಾಗ ಬದಲಿಸಿಕೊಂಡಿವೆ, ಅಷ್ಟೇ.

ಇಲ್ಲಿ ಹಲವು ವಿದ್ಯಾರ್ಥಿಗಳು ಎಡವುವ ಜಾಗವೊಂದಿದೆ. ಹಿಂದಿನ ಪಾಠದಲ್ಲಿ 2ನೇ ಕಾಲು ಸೊನ್ನೆಯಲ್ಲಿತ್ತು, ಅದಕ್ಕೆ ‘ವರ್ಚುವಲ್ ಗ್ರೌಂಡ್’ ಎಂಬ ಹೆಸರೂ ಬಿದ್ದಿತ್ತು. ಆ ಹೆಸರನ್ನು ಹಿಡಿದುಕೊಂಡವರು ಇಲ್ಲಿಯೂ ಅಲ್ಲಿ ಸೊನ್ನೆ ಬರೆದು, 2 ಕಿಲೋ ಓಮ್‌ನಲ್ಲಿ ಪ್ರವಾಹವೇ ಇಲ್ಲವೆಂದು ತೀರ್ಮಾನಿಸಿ ಸಿಕ್ಕಿಹಾಕಿಕೊಳ್ಳುತ್ತಾರೆ. ನಿಯಮ ಹೇಳುವುದು 2ನೇ ಕಾಲು ಸೊನ್ನೆ ಎಂದಲ್ಲ, 3ನೇ ಕಾಲಿಗೆ ಸಮ ಎಂದು. ಈಗ 3ನೇ ಕಾಲು 0.5 ವೋಲ್ಟ್, ಆದ್ದರಿಂದ 2ನೆಯದೂ 0.5 ವೋಲ್ಟ್. ವರ್ಚುವಲ್ ಗ್ರೌಂಡ್ ಎಂಬುದು ವರ್ಚುವಲ್ ಶಾರ್ಟ್‌ನ ಒಂದು ವಿಶೇಷ ಸಂದರ್ಭ ಮಾತ್ರ. ಎರಡು ಹೆಸರುಗಳನ್ನು ಒಂದೇ ದಿನ ಕೊಡದಿರುವುದು ಒಳ್ಳೆಯದು.

ಮುಂದಿನದು ಹಿಂದಿನಂತೆಯೇ. 2 ಕಿಲೋ ಓಮ್‌ನ ಮೇಲೆ 0.5 ವೋಲ್ಟ್, ಪ್ರವಾಹ 0.25 ಮಿಲಿ ಆಂಪಿಯರ್, ಹರಿಯುವುದು ಗ್ರೌಂಡಿನ ಕಡೆಗೆ. 2ನೇ ಕಾಲು ಪ್ರವಾಹ ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ. ಹಾಗಾದರೆ ಅದು ಔಟ್‌ಪುಟ್‌ನಿಂದ 10 ಕಿಲೋ ಓಮ್ ದಾಟಿ ಬರಬೇಕು. ಅಲ್ಲಿ ಕಳೆಯುವುದು 2.5 ವೋಲ್ಟ್. ಔಟ್‌ಪುಟ್ 2ನೇ ಕಾಲಿಗಿಂತ ಅಷ್ಟು ಮೇಲಿದೆ.

```
Vout = 0.5 V + 0.25 mA × 10 kΩ = 3.0 V
Vout / Vin = 1 + Rf / R1 = 6
```

‘ಆ ಒಂದು ಎಲ್ಲಿಂದ ಬಂತು?’ ಎಂಬುದು ಈ ಪಾಠದ ಮುಖ್ಯ ಪ್ರಶ್ನೆ. ಎರಡು ಸರ್ಕ್ಯೂಟುಗಳಲ್ಲೂ 10 ಕಿಲೋ ಓಮ್‌ನ ಮೇಲೆ ಇರುವುದು ಅದೇ 2.5 ವೋಲ್ಟ್. ಮೊದಲಿನದರಲ್ಲಿ ನಾವು ಸೊನ್ನೆಯಿಂದ ಕೆಳಗೆ ಎಣಿಸಿದೆವು, ಇಲ್ಲಿ 0.5ರಿಂದ ಮೇಲೆ ಎಣಿಸುತ್ತಿದ್ದೇವೆ. ಆ 0.5 ಎಂದರೆ ಸಿಗ್ನಲ್ಲೇ, ಒಂದು ಪಾಲು. ಅದೇ ರೆಸಿಸ್ಟರ್‌ಗಳನ್ನು ಇಟ್ಟುಕೊಂಡಾಗ ಮಾತ್ರ ಇದು ಇಷ್ಟು ನಿಚ್ಚಳವಾಗಿ ಕಾಣುತ್ತದೆ. ಬೇರೆ ಬೇರೆ ಅಂಕಿಗಳಿದ್ದರೆ ವಿದ್ಯಾರ್ಥಿಗೆ ಇವು ಎರಡು ಬೇರೆ ಸೂತ್ರಗಳಾಗಿಯೇ ಉಳಿಯುತ್ತವೆ.

ನಿಯಮ ಎಲ್ಲಿ ಮುರಿಯುತ್ತದೆ ಎಂಬುದನ್ನು ತೋರಿಸದೆ ಈ ಘಟಕವನ್ನು ಮುಗಿಸಬಾರದು ಎಂಬುದು ನನ್ನ ಅಭಿಪ್ರಾಯ. ಎರಡು ಷರತ್ತುಗಳಿಗೆ ಎರಡು ಪ್ರದರ್ಶನ ಸಾಕು.

ಮೊದಲನೆಯದು ಔಟ್‌ಪುಟ್‌ನ ಮಿತಿ. ಇನ್ವರ್ಟಿಂಗ್ ಸರ್ಕ್ಯೂಟಿಗೇ ಹಿಂತಿರುಗಿ ಇನ್‌ಪುಟ್ ಅನ್ನು 3 ವೋಲ್ಟ್ ಮಾಡಿ. ಸೂತ್ರದ ಪ್ರಕಾರ −15 ವೋಲ್ಟ್ ಬರಬೇಕು. ಪೂರೈಕೆಯೇ 12 ವೋಲ್ಟ್. 741 ಅದಕ್ಕೂ ಒಂದೆರಡು ವೋಲ್ಟ್ ಈಚೆಗೇ ನಿಂತುಬಿಡುತ್ತದೆ. −10.5ರಲ್ಲಿ ನಿಂತಿದೆ ಎನ್ನೋಣ. ಇನ್‌ಪುಟ್‌ನಿಂದ ಔಟ್‌ಪುಟ್‌ವರೆಗೆ 13.5 ವೋಲ್ಟ್, ಅದರ ಆರನೇ ಒಂದು ಭಾಗ 2.25, 3ರಿಂದ ಅದನ್ನು ಕಳೆದರೆ 2ನೇ ಕಾಲಿನಲ್ಲಿ 0.75 ವೋಲ್ಟ್. ಮೀಟರ್ ಹಚ್ಚಿದರೆ ಅದು ಕಾಣುತ್ತದೆ. ಅಂಗಡಿಯವನ ಚೀಲದಲ್ಲಿ ಬೇಳೆ ಮುಗಿದಿದೆ, ತಟ್ಟೆ ವಾಲಿಯೇ ಇದೆ. ಲೆಕ್ಕ ಬಿಡಿಸಿದ ಮೇಲೆ ಉತ್ತರವನ್ನು ಪೂರೈಕೆಯ ಜೊತೆ ಹೋಲಿಸಿ ನೋಡುವ ಅಭ್ಯಾಸ ಇದರಿಂದ ಬರುತ್ತದೆ. ಮೇಜಿನ ಮೇಲೆ ದೋಷ ಹುಡುಕುವ ಕ್ರಮವೂ ಇದೇ: 2 ಮತ್ತು 3ನೇ ಕಾಲುಗಳ ನಡುವೆ ಮೀಟರ್ ಹಚ್ಚಿ. ಕೆಲವೇ ಮಿಲಿವೋಲ್ಟ್ ಇದ್ದರೆ ಆಪ್-ಆಂಪ್‌ನ ಹತೋಟಿ ಇನ್ನೂ ಉಳಿದಿದೆ. ವೋಲ್ಟಿನ ಲೆಕ್ಕದಲ್ಲಿದ್ದರೆ ಹತೋಟಿ ತಪ್ಪಿದೆ. ಅಲ್ಲಿ ವರ್ಚುವಲ್ ಶಾರ್ಟ್ ಹಚ್ಚಿ ಬಂದ ಯಾವ ಉತ್ತರವೂ ಸಲ್ಲದು.

ಎರಡನೆಯದು ಫೀಡ್‌ಬ್ಯಾಕಿನ ದಿಕ್ಕು. ಇನ್‌ಪುಟ್ ಮತ್ತೆ 0.5 ವೋಲ್ಟ್ ಮಾಡಿ, 2 ಮತ್ತು 3ನೇ ಕಾಲುಗಳನ್ನು ಅದಲು ಬದಲು ಮಾಡಿ. ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳ ಕೈಯಿಂದ ತಾನಾಗಿಯೇ ಆಗುವ ಜೋಡಣೆ ಇದು. ಕಾಗದದ ಮೇಲೆ ನಿಯಮ ಹಚ್ಚಿದರೆ ಒಂದಂಕಿಯೂ ಬದಲಾಗದೆ ಮತ್ತೆ −2.5 ಬರುತ್ತದೆ. ಎರಡು ಕಾಲು ಸಮ ಎಂಬ ಸಮೀಕರಣಕ್ಕೆ ಯಾವುದು ಯಾವ ಕಾಲು ಎಂಬ ಗೊಡವೆ ಇಲ್ಲ. ಮೇಜಿನ ಮೇಲೆ ಮಾತ್ರ ಔಟ್‌ಪುಟ್ ಒಂದು ಅಂಚಿಗೆ ಹೋಗಿ ಅಂಟಿಕೊಂಡಿರುತ್ತದೆ. ಹಾಳೆಯ ಪಟ್ಟಿಯನ್ನೇ ಮತ್ತೆ ತೆಗೆಯಿರಿ. ಔಟ್‌ಪುಟ್ −2.5ಕ್ಕಿಂತ ಎಳೆಯಷ್ಟು ಕೆಳಗಾಯಿತು ಎನ್ನಿ. ನಡುವಿನ ಬಿಂದು ಸೊನ್ನೆಗಿಂತ ಕೆಳಗಾಗುತ್ತದೆ. ಆದರೆ ಈಗ ಆ ಬಿಂದು ಇರುವುದು ನಾನ್-ಇನ್ವರ್ಟಿಂಗ್ ಕಾಲಿನ ಮೇಲೆ. ಹಾಗಾಗಿ ಔಟ್‌ಪುಟ್ ತಿರುಗಿ ಮೇಲೇರುವ ಬದಲು ಇನ್ನೂ ಕೆಳಗಿಳಿಯುತ್ತದೆ, ಇಳಿದಷ್ಟೂ ಬಿಂದು ಇನ್ನೂ ಕೆಳಗೆ, ಕೊನೆಗೆ −10.5. ಬೇಳೆ ಹೆಚ್ಚಾದಾಗ ತೆಗೆಯುವ ಬದಲು ಇನ್ನಷ್ಟು ಸುರಿಯುವ ಅಂಗಡಿಯವನು. ಸಮತೆಯ ಬಿಂದು ಅಲ್ಲೂ ಇದೆ. ಗುಡ್ಡದ ನೆತ್ತಿಯ ಮೇಲಿಟ್ಟ ಗೋಲಿಯಂತೆ ಅಲ್ಲಿ ನಿಲ್ಲಲಾಗದು. ಸಮೀಕರಣ ಬರೆಯುವ ಮೊದಲೇ ‘ಔಟ್‌ಪುಟ್‌ನಿಂದ ಬಂದ ದಾರಿ ಯಾವ ಕಾಲಿಗೆ ಸೇರಿದೆ?’ ಎಂದು ಕೇಳಬೇಕಾಗಿರುವುದು ಇದಕ್ಕಾಗಿ.

ಕೊನೆಗೆ ಮೌಲ್ಯಮಾಪನದ ಮಾತು. ನಮ್ಮ ಪ್ರಶಿಕ್ಷಣಾರ್ಥಿಗಳು ಘಟಕ ಪರೀಕ್ಷೆಗೆ ಬರೆಯುವ ಲೆಕ್ಕಗಳು ಹೆಚ್ಚಾಗಿ ಸೂತ್ರಕ್ಕೆ ಅಂಕಿ ತುಂಬಿದರೆ ಮುಗಿಯುವಂಥವು. ನಿಯಮ ಅರ್ಥವಾಗಿದೆಯೇ ಎಂದು ಅವು ಹೇಳಲಾರವು. ಅದನ್ನು ಹೇಳುವ ಒಂದು ಲೆಕ್ಕ ಇಲ್ಲಿದೆ, ಮೇಲಿನ ಸರ್ಕ್ಯೂಟಿನದೇ. ಇನ್ವರ್ಟಿಂಗ್ ವರ್ಧಕ, 2 ಕಿಲೋ ಓಮ್ ಮತ್ತು 10 ಕಿಲೋ ಓಮ್, ಇನ್‌ಪುಟ್ 0.5 ವೋಲ್ಟ್, ಆದರೆ 3ನೇ ಕಾಲು ಗ್ರೌಂಡಿಗಲ್ಲ, 1 ವೋಲ್ಟಿಗೆ ಕಟ್ಟಿದೆ. ಔಟ್‌ಪುಟ್ ಎಷ್ಟು?

ಬಾಯಿಪಾಠದ ಎರಡು ಸೂತ್ರಗಳಲ್ಲಿ ಯಾವುದೊಂದೂ ಇದಕ್ಕೆ ನೇರವಾಗಿ ಹೊಂದುವುದಿಲ್ಲ. ನಿಯಮಗಳು ಹೊಂದುತ್ತವೆ. 2ನೇ ಕಾಲು 1 ವೋಲ್ಟ್. ಇನ್‌ಪುಟ್ ಅದಕ್ಕಿಂತ ಅರ್ಧ ವೋಲ್ಟ್ ಕೆಳಗಿದೆ, ಆದ್ದರಿಂದ 0.25 ಮಿಲಿ ಆಂಪಿಯರ್ 2ನೇ ಕಾಲಿನ ಬಿಂದುವಿನಿಂದ ಇನ್‌ಪುಟ್ ಕಡೆಗೆ ಹರಿಯುತ್ತದೆ. ಅದು ಔಟ್‌ಪುಟ್‌ನಿಂದಲೇ ಬರಬೇಕು, 10 ಕಿಲೋ ಓಮ್‌ನಲ್ಲಿ 2.5 ವೋಲ್ಟ್ ಕಳೆಯಬೇಕು. ಔಟ್‌ಪುಟ್ 1 ಕೂಡಿಸು 2.5, ಅಂದರೆ 3.5 ವೋಲ್ಟ್. ಪೂರೈಕೆಯ ಮಿತಿಯೊಳಗಿದೆ, ಫೀಡ್‌ಬ್ಯಾಕ್ ಇನ್ವರ್ಟಿಂಗ್ ಕಾಲಿಗೇ ಇದೆ, ಉತ್ತರ ಸಲ್ಲುತ್ತದೆ. ಇನ್ವರ್ಟಿಂಗ್ ಎಂದು ಹೆಸರಿಟ್ಟ ಸರ್ಕ್ಯೂಟಿನಲ್ಲಿ ಧನ ಇನ್‌ಪುಟ್‌ಗೆ ಧನ ಔಟ್‌ಪುಟ್ ಬಂದದ್ದನ್ನು ಕಂಡು ವಿದ್ಯಾರ್ಥಿ ಗಾಬರಿಯಾದರೆ, ಇನ್‌ಪುಟ್ ಅನ್ನು 0.6 ವೋಲ್ಟ್ ಮಾಡಿ ಮತ್ತೆ ಬಿಡಿಸಲು ಹೇಳಿ. 3.0 ಬರುತ್ತದೆ. ಇನ್‌ಪುಟ್ 0.1 ಏರಿದರೆ ಔಟ್‌ಪುಟ್ 0.5 ಇಳಿಯಿತು, ಗೇನ್ ಅದೇ −5.

ತಂತಿಯ ಪ್ರಶ್ನೆ ಕೇಳಿದ ಹುಡುಗನ ತರಗತಿಗೆ ಪ್ರಶಿಕ್ಷಣಾರ್ಥಿ ಈ ಲೆಕ್ಕವನ್ನೇ ಕೊಟ್ಟರು. ಉತ್ತರ ಪತ್ರಿಕೆಗಳನ್ನು ನಾವು ಒಟ್ಟಿಗೆ ನೋಡಿದೆವು. −2.5 ಎಂದು ಬರೆದವರು ಸೂತ್ರಕ್ಕೆ ಅಂಕಿ ತುಂಬಿದವರು, 3.5 ಎಂದು ಬರೆದವರ ಹಾಳೆಯಲ್ಲಿ 2ನೇ ಕಾಲಿನ ಪಕ್ಕ ಚಿಕ್ಕದಾಗಿ ‘1 V’ ಎಂದು ಗುರುತಿತ್ತು. ಅದಾದ ಮೇಲೆ ಅವರು ಮೊದಲ ಪಾಠದ ಯೋಜನೆಯನ್ನು ತಿದ್ದಿ ಬರೆದರು. ಗುಣಲಕ್ಷಣಗಳ ಪಟ್ಟಿ ಹಾಗೆಯೇ ಉಳಿಯಿತು. ಅದರ ಕೊನೆಯ ಸಾಲು ಮಾತ್ರ ಅಲ್ಲಿಂದ ಎದ್ದು, ಐದು ಸಾಲಿನ ಆ ವೋಲ್ಟೇಜ್ ಪಟ್ಟಿಯ ಕೆಳಗೆ ಹೋಗಿ ಕೂತಿತು.